ಕಡುಬಿನ ಕಣಕ ಬಿರಿಯದಂತೆ

ಗಣೇಶನ ಹಬ್ಬದ ಬೆಳಿಗ್ಗೆ ಕಡುಬು ಮಡಚಲು ಕೂತಾಗ ಕಣಕದ ಅಂಚು ಬಿರಿಯತೊಡಗಿದರೆ ಮೊದಲು ಬೈಸಿಕೊಳ್ಳುವುದು ಅಕ್ಕಿ ಹಿಟ್ಟು. ಮುಂದಿನ ವರ್ಷ ಅಂಗಡಿ ಬದಲಾಗುತ್ತದೆ, ಹಿಟ್ಟಿನ ಬ್ರ್ಯಾಂಡ್ ಬದಲಾಗುತ್ತದೆ, ಬಿರುಕು ಮಾತ್ರ ಹಾಗೇ ಇರುತ್ತದೆ. ಹಿಟ್ಟಿನ ಪಾಲು ಇಲ್ಲವೆಂದಲ್ಲ. ಆದರೆ ಬಹುಪಾಲು ಸಲ ಎಡವಟ್ಟು ಆಗಿರುವುದು ಹಿಟ್ಟು ಬಿಸಿನೀರಿಗೆ ಬಿದ್ದ ಗಳಿಗೆಯಿಂದ ಕಣಕ ಉಗುರುಬೆಚ್ಚಗಾಗುವವರೆಗಿನ ಕಾಲು ಗಂಟೆಯಲ್ಲಿ. ಆ ಕಾಲು ಗಂಟೆಯಲ್ಲಿ ಏನು ನಡೆಯುತ್ತದೆಂದು ತಿಳಿದವರಿಗೆ ಬಿರುಕನ್ನು ನೋಡಿಯೇ ಅದರ ಕಾರಣ ಹೇಳಲು ಬರುತ್ತದೆ. ಕಾರಣ ಗೊತ್ತಾದರೆ ಅದೇ ಕಣಕವನ್ನು ಸರಿಪಡಿಸುವುದು ಕಷ್ಟವಲ್ಲ.

ಚಪಾತಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಅದು ಎಳೆದಷ್ಟು ಎಳೆಯುತ್ತದೆ, ಮಡಚಿದಲ್ಲಿ ಮಡಚಿಕೊಳ್ಳುತ್ತದೆ. ಗೋಧಿಯಲ್ಲಿರುವ ಪ್ರೋಟೀನುಗಳು ನೀರು ತಾಗಿದೊಡನೆ ಗ್ಲೂಟೆನ್ ಎಂಬ ಜಾಲವಾಗಿ ಹೆಣೆದುಕೊಳ್ಳುವುದೇ ಇದಕ್ಕೆ ಕಾರಣ. ಅಕ್ಕಿಯಲ್ಲಿ ಅಂಥ ಜಾಲ ಹೆಣೆಯುವ ಪ್ರೋಟೀನು ಇಲ್ಲ. ತಣ್ಣೀರಿನಲ್ಲಿ ಕಲಸಿದ ಅಕ್ಕಿ ಹಿಟ್ಟು ಮುಷ್ಟಿಯಲ್ಲಿ ಹಿಡಿದಾಗ ಉಂಡೆಯಾದರೂ ತಟ್ಟಲು ಹೋದೊಡನೆ ಒಡೆಯುತ್ತದೆ. ಅಕ್ಕಿ ಹಿಟ್ಟಿಗೆ ಹಿಡಿತ ಬರಬೇಕಾದರೆ ಅದರ ಪಿಷ್ಟವೇ ಅಂಟಾಗಬೇಕು, ಪಿಷ್ಟ ಅಂಟಾಗಲು ಬಿಸಿ ಬೇಕು. ಅದಕ್ಕೇ ಕಡುಬಿನ ಹಿಟ್ಟನ್ನು ಕಲಸುವುದಿಲ್ಲ, ಉಕ್ಕರಿಸುತ್ತಾರೆ.

ಅಕ್ಕಿಯ ಪಿಷ್ಟದ ಕಣಗಳು ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು ಹೀರಿ ಊದಿಕೊಳ್ಳುತ್ತವೆ. ಕೆಲವು ತಳಿಗಳಿಗೆ ಇನ್ನೂ ಸ್ವಲ್ಪ ಹೆಚ್ಚು ಬಿಸಿ ಬೇಕು. ಕಣ ಊದಿದಾಗ ಅದರೊಳಗಿನ ಅಮೈಲೋಸ್ ಎಂಬ ಉದ್ದನೆಯ ಎಳೆಗಳು ಹೊರಕ್ಕೆ ಬಂದು ನೀರಿನಲ್ಲಿ ಹರಡಿಕೊಳ್ಳುತ್ತವೆ. ಅನ್ನದ ಗಂಜಿಗೆ ಜಿಗುಟು ಕೊಡುವುದೂ ಇದೇ. ಕಣಕದಲ್ಲಿ ಇದು ಗಾರೆಯ ಕೆಲಸ ಮಾಡುತ್ತದೆ. ಇನ್ನೂ ಬೇಯದೆ ಉಳಿದ ಹಿಟ್ಟು ಮರಳಿನಂತೆ ಅದರೊಳಗೆ ಕೂತಿರುತ್ತದೆ. ಗಾರೆ ಸಾಲದಿದ್ದರೆ ಕಣಕ ಉದುರುತ್ತದೆ. ಸಾಕಷ್ಟಿದ್ದೂ ಮರಳಿನ ನಡುವೆ ಸಮನಾಗಿ ಹರಡದಿದ್ದರೆ ಅಲ್ಲಲ್ಲಿ ಬಿರಿಯುತ್ತದೆ. ಹಿಟ್ಟು ಉಕ್ಕರಿಸಿ ಗಾರೆ ಮಾಡಿಕೊಳ್ಳುತ್ತೇವೆ, ನಾದಿ ಅದನ್ನು ಹರಡುತ್ತೇವೆ.

ಇನ್ನು ನೀರಿನ ಬಿಸಿ. ‘ನೀರು ಚೆನ್ನಾಗಿ ಮರಳಬೇಕು’ ಎಂದು ಹಿರಿಯರು ಒತ್ತಿ ಹೇಳುವುದಕ್ಕೆ ಒಂದು ಸರಳ ಲೆಕ್ಕವಿದೆ. 200 ಮಿಲಿಲೀಟರಿನ ಲೋಟದಲ್ಲಿ ಎರಡು ಲೋಟ ಹಿಟ್ಟು, ಎರಡು ಲೋಟ ನೀರು ಅಳೆದುಕೊಂಡಿದ್ದೀರಿ ಎನ್ನೋಣ. ಹಿಟ್ಟು ಸುಮಾರು 250 ಗ್ರಾಂ, ನೀರು 400 ಗ್ರಾಂ. ಮರಳುವ ನೀರಿಗೆ ಅಡುಗೆಮನೆಯಲ್ಲಿದ್ದ ತಣ್ಣನೆಯ ಹಿಟ್ಟು ಬಿದ್ದೊಡನೆ ಒಟ್ಟು ಮುದ್ದೆಯ ಬಿಸಿ 85 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಪಿಷ್ಟ ಬೇಯಲು ಅಷ್ಟು ಧಾರಾಳವಾಗಿ ಸಾಕು. ಅದೇ ನೀರು ತಳದಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದಾಗಲೇ, ಅಂದರೆ 80 ಡಿಗ್ರಿ ಇದ್ದಾಗಲೇ ಹಿಟ್ಟು ಸುರಿದುಬಿಟ್ಟರೆ ಮುದ್ದೆ 70 ಡಿಗ್ರಿಗೆ ಬಂದು ನಿಲ್ಲುತ್ತದೆ. ಪಾತ್ರೆಯ ಅಂಚಿನಲ್ಲಿ, ಗಂಟುಗಳ ಒಳಗೆ ಅದಕ್ಕಿಂತ ಕಡಿಮೆ. ಅರ್ಧ ಹಿಟ್ಟು ಬೆಂದಿತು, ಅರ್ಧ ಹಸಿಯಾಗಿಯೇ ಉಳಿಯಿತು. ಕಣ್ಣಿಗೆ ಎರಡು ಮುದ್ದೆಯೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸ ಗೊತ್ತಾಗುವುದು ಮಡಚುವಾಗಲೇ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಅದರಿಂದೇನೂ ತೊಂದರೆಯಿಲ್ಲ. ತೊಂದರೆ ಬರುವುದು ಅವಸರದಿಂದ.

ಹಿಟ್ಟಿನ ವಿಷಯಕ್ಕೆ ಬರೋಣ. ಕಡುಬಿಗೆ ಒಳ್ಳೆಯದು ಅಕ್ಕಿಯನ್ನು ತೊಳೆದು, ಒಂದೆರಡು ಗಂಟೆ ನೆನೆಸಿ, ನೀರು ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ, ಒದ್ದೆ ಆರುತ್ತಿದ್ದಂತೆ ಬೀಸಿ ಜರಡಿ ಹಿಡಿದ ಹಿಟ್ಟು. ನೆನೆದ ಅಕ್ಕಿ ಮೆತ್ತಗಿರುವುದರಿಂದ ನಯವಾಗಿ ಪುಡಿಯಾಗುತ್ತದೆ. ಒಣ ಅಕ್ಕಿಯನ್ನು ಗಿರಣಿಗೆ ಹಾಕಿಸಿದರೆ ಹಿಟ್ಟಿನಲ್ಲಿ ಸಣ್ಣ ರವೆಯಂಥ ತರಿ ಉಳಿಯುತ್ತದೆ. ನೀರು ಅದರ ಒಳಗಿಳಿಯಲು ಹೆಚ್ಚು ಹೊತ್ತು ಬೇಕು. ಹೆಬ್ಬೆರಳು ತೋರುಬೆರಳ ನಡುವೆ ಹಿಟ್ಟನ್ನು ಉಜ್ಜಿ ನೋಡಿ. ತರಿ ತಾಗಿದರೆ ಇನ್ನೊಮ್ಮೆ ಸಣ್ಣ ಕಣ್ಣಿನ ಜರಡಿ ಹಿಡಿಯಿರಿ. ಅಂಗಡಿಯ ಪೊಟ್ಟಣದ ಹಿಟ್ಟಿನಲ್ಲೂ ಒಳ್ಳೆಯ ಕಡುಬು ಆಗುತ್ತದೆ. ಆದರೆ ಅದು ಚೆನ್ನಾಗಿ ಒಣಗಿರುತ್ತದಾದ್ದರಿಂದ ನೀರು ಕಾಲು ಲೋಟ ಹೆಚ್ಚು ಕುಡಿಯುತ್ತದೆ. ಉದುರುದುರಾಗಿ ಅನ್ನವಾಗುವ ಹಳೆ ಅಕ್ಕಿಯಲ್ಲಿ ಕಣಕ ಬೇಗ ಬಿಗಿಯುತ್ತದೆ. ಅಂಥ ಅಕ್ಕಿಗೆ ಹಿಡಿಯಷ್ಟು ಹೊಸ ಅಕ್ಕಿ ಸೇರಿಸಿ ಬೀಸಿದರೆ ಮೆತ್ತಗೆ ಬರುತ್ತದೆ. ಕುಸುಬಲಕ್ಕಿ ಈ ಕೆಲಸಕ್ಕೆ ಬೇಡ. ಒಮ್ಮೆ ಬೆಂದು ಒಣಗಿದ ಅದರ ಪಿಷ್ಟ ಮತ್ತೆ ಅಷ್ಟು ಅಂಟು ಬಿಡುವುದಿಲ್ಲ.

ಈಗ ಒಲೆ ಹಚ್ಚೋಣ. ದಪ್ಪ ತಳದ ಪಾತ್ರೆಗೆ ಎರಡು ಲೋಟ ನೀರು, ಎರಡು ಚಿಟಿಕೆ ಉಪ್ಪು, ಎರಡು ಚಮಚ ಎಣ್ಣೆ ಅಥವಾ ತುಪ್ಪ. ಪಕ್ಕದ ಒಲೆಯಲ್ಲಿ ಇನ್ನೊಂದು ಲೋಟ ನೀರು ಬಿಸಿಯಾಗಿರಲಿ, ಬೇಕಾದರೆ ಒದಗುತ್ತದೆ. ಪಾತ್ರೆಯ ನೀರು ನಡುವಿನಿಂದ ದೊಡ್ಡ ಗುಳ್ಳೆಯೆದ್ದು ಮರಳುವಾಗ ಉರಿ ಸಣ್ಣ ಮಾಡಿ ಎರಡೂ ಲೋಟ ಹಿಟ್ಟನ್ನು ಒಂದೇ ಸಲಕ್ಕೆ ನಡುವೆ ಗುಡ್ಡೆಯಾಗಿ ಸುರಿಯಿರಿ. ಸ್ವಲ್ಪ ಸ್ವಲ್ಪವೇ ಉದುರಿಸಿದರೆ ಮೊದಲು ಬಿದ್ದ ಹಿಟ್ಟು ನೀರೆಲ್ಲ ಹೀರಿಕೊಂಡು ಗಂಜಿಯಾಗಿ, ಕೊನೆಗೆ ಬಿದ್ದದ್ದಕ್ಕೆ ನೀರೇ ಇರುವುದಿಲ್ಲ. ಸುರಿದೊಡನೆ ಕಲಕಬೇಡಿ. ರಾಗಿ ಮುದ್ದೆಗೆ ಮಾಡುವಂತೆ ಹಿಟ್ಟಿನ ಕೋಲಿನಿಂದ ಗುಡ್ಡೆಗೆ ನಾಲ್ಕಾರು ಕಡೆ ತೂತು ಮಾಡಿ, ಮುಚ್ಚಳ ಮುಚ್ಚಿ ಎರಡು ಮೂರು ನಿಮಿಷ ಬಿಡಿ. ತೂತುಗಳಿಂದ ನೀರು ಮೇಲಕ್ಕೆ ಉಕ್ಕಿ ಹಿಟ್ಟಿನ ನೆತ್ತಿಯನ್ನೂ ಬೇಯಿಸುತ್ತದೆ. ಆಮೇಲೆ ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿ. ಒಣ ಹಿಟ್ಟು ಕಾಣದಂತಾದಾಗ ಒಲೆ ಆರಿಸಿ, ಮುಚ್ಚಳ ಬಿಗಿಯಾಗಿ ಮುಚ್ಚಿ ಐದು ನಿಮಿಷ ಹಾಗೇ ಇಡಿ.

ಬಹಳ ಜನ ಈ ಐದು ನಿಮಿಷವನ್ನು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬಿಡಲೇಬಾರದ ಹಂತ ಇದೇ. ತಿರುವಿದ ಮುದ್ದೆಯಲ್ಲಿ ಒಂದು ಕಡೆ ನೀರು ಹೆಚ್ಚು, ಒಂದು ಕಡೆ ಕಡಿಮೆ ಇರುತ್ತದೆ. ಒಳಗಿನ ಹಬೆ ಹೊರಹೋಗದೆ ನಿಂತಾಗ ಗಂಟುಗಳೊಳಗಿನ ಹಸಿ ಹಿಟ್ಟು ಪಕ್ಕದಿಂದ ನೀರನ್ನೂ ಬಿಸಿಯನ್ನೂ ಎಳೆದುಕೊಂಡು ಬೇಯುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಮಾತ್ರ ಮುದ್ದೆಯೇ ಆರತೊಡಗುತ್ತದೆ.

ಮಲೆನಾಡು ಕರಾವಳಿಯ ಮನೆಗಳಲ್ಲಿ ಇನ್ನೊಂದು ದಾರಿಯಿದೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರಾಗಿ ಕದಡಿ, ಎಣ್ಣೆ ಸವರಿದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಮಗುಚುತ್ತಾರೆ. ಹಿಟ್ಟು ಗಟ್ಟಿಯಾಗಿ ತಳ ಬಿಟ್ಟು ಬರುವಾಗ ಇಳಿಸುತ್ತಾರೆ. ಪ್ರತಿ ಕಣವೂ ಮೊದಲೇ ನೀರಿನಲ್ಲಿ ತೇಲುತ್ತಿರುವುದರಿಂದ ಹಸಿ ಗಂಟಿನ ಭಯವೇ ಇಲ್ಲ. ತೋಳಿಗೆ ಶ್ರಮ ಹೆಚ್ಚು, ನಾದುವ ಕೆಲಸ ಕಡಿಮೆ. ಹೊಸದಾಗಿ ಕಲಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಣ ಹಿಟ್ಟಿದ್ದರೂ ಪರವಾಗಿಲ್ಲ, ಒಂದಕ್ಕೆ ಒಂದೂಮುಕ್ಕಾಲರಷ್ಟು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ ಹೀಗೇ ಕಾಯಿಸಬಹುದು. ಹೆಚ್ಚಿನ ನೀರು ಮಗುಚುವಾಗ ಆವಿಯಾಗಿ ಹೋಗುತ್ತದೆ.

ಇನ್ನು ನಾದುವುದು. ಐದು ನಿಮಿಷ ಕಳೆದ ಮುದ್ದೆಯನ್ನು ಅಗಲವಾದ ಹರಿವಾಣಕ್ಕೋ ಪರಾತಕ್ಕೋ ಸುರಿದಾಗ ಅದು ಕೈ ತಾಗಿಸಲಾಗದಷ್ಟು ಬಿಸಿಯಿರುತ್ತದೆ. ಆರಲಿ ಎಂದು ಕಾಯುವುದು ಸಹಜ, ಆದರೆ ಕಣಕ ಕೆಡುವುದೂ ಆಗಲೇ. ಬಿಸಿಯಲ್ಲಿರುವವರೆಗೆ ಅಮೈಲೋಸ್ ಎಳೆಗಳು ಬಿಡಿಬಿಡಿಯಾಗಿ ಓಡಾಡಿಕೊಂಡಿರುತ್ತವೆ, ಒತ್ತಿದಲ್ಲಿಗೆ ಹರಡುತ್ತವೆ. ಬಿಸಿ ಇಳಿದಂತೆ ಅವು ಒಂದಕ್ಕೊಂದು ಕಟ್ಟಿಕೊಂಡು ಗಟ್ಟಿಯಾಗುತ್ತವೆ. ರಾತ್ರಿಯ ಅನ್ನ ಬೆಳಿಗ್ಗೆ ಬಿರುಸಾಗುವುದೂ ಇದರಿಂದಲೇ. ಹೀಗೆ ಕಟ್ಟಿಕೊಂಡ ಮೇಲೆ ನಾದಿದರೆ ಆ ಕಟ್ಟುಗಳು ಮುರಿಯುತ್ತವೆಯೇ ಹೊರತು ಮತ್ತೆ ಕೂಡುವುದಿಲ್ಲ. ತಣ್ಣಗಾದ ಕಣಕವನ್ನು ಎಷ್ಟು ನಾದಿದರೂ ನಯವಾಗದೆ ತರಿತರಿಯಾಗುವುದು ಇದಕ್ಕೇ. ನಮ್ಮ ದೊಡ್ಡಮ್ಮ ಹೇಳುತ್ತಿದ್ದುದು ಇಷ್ಟೇ: ‘ಕೈ ಸುಡ್ತಿರುವಾಗ್ಲೇ ನಾದ್ಬೇಕು ಕಣೇ, ಆಮೇಲೆ ನಾದಿದ್ದು ಲೆಕ್ಕಕ್ಕಿಲ್ಲ.’

ಸುಡುವ ಮುದ್ದೆಯನ್ನು ಬರಿಗೈಯಲ್ಲಿ ಹಿಡಿಯಬೇಕೆಂದೇನಿಲ್ಲ. ಮೊದಲ ಎರಡು ನಿಮಿಷ ತಳ ಚಪ್ಪಟೆಯಾದ ಸ್ಟೀಲ್ ಲೋಟಕ್ಕೆ ಎಣ್ಣೆ ಸವರಿ, ಮುದ್ದೆಯನ್ನು ಸ್ವಲ್ಪ ಸ್ವಲ್ಪವಾಗಿ ಅದರ ತಳದಿಂದ ಒತ್ತಿ ಮುಂದಕ್ಕೆ ಎಳೆಯಿರಿ. ಗಂಟುಗಳು ಲೋಟದ ಕೆಳಗೆ ಬಿಳಿ ಗೆರೆಗಳಾಗಿ ಹಿಸುಕಿ ಹೋಗುವುದು ಕಣ್ಣಿಗೇ ಕಾಣುತ್ತದೆ. ಕೆಲವರು ಒದ್ದೆ ಮಾಡಿ ಹಿಂಡಿದ ದಪ್ಪ ಬಟ್ಟೆಯೊಳಗೆ ಮುದ್ದೆ ಸುತ್ತಿ ಮೇಲಿನಿಂದ ನಾದುತ್ತಾರೆ, ಅದೂ ಒಳ್ಳೆಯ ಉಪಾಯ. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇರಲಿ. ಕೈ ಇಡಬಹುದು ಎನ್ನಿಸಿದೊಡನೆ ಅಂಗೈ ಅದ್ದಿ, ಕೊಡವಿ, ಅಂಗೈಯ ಬುಡದಿಂದ ಮುದ್ದೆಯನ್ನು ಹರಿವಾಣಕ್ಕೊತ್ತಿ ದೂರ ತಳ್ಳಿ, ಬೆರಳಿನಿಂದ ಮಡಚಿ ಹತ್ತಿರ ಎಳೆದುಕೊಳ್ಳಿ. ಬೆರಳಿನಿಂದ ಹಿಸುಕುವುದರಿಂದ ಪ್ರಯೋಜನವಿಲ್ಲ, ಭಾರ ಅಂಗೈ ಬುಡದಿಂದಲೇ ಬೀಳಬೇಕು. ಕೈ ಸುಟ್ಟಾಗಲೆಲ್ಲ ನೀರಿಗೆ ಅದ್ದುತ್ತೀರಲ್ಲ, ಆ ಹನಿಗಳೇ ಕಣಕಕ್ಕೆ ಬೇಕಾದ ಕೊನೆಯ ನೀರು. ಮೊದಲೇ ಅಳೆದು ಹಾಕುವುದಕ್ಕಿಂತ ಹೀಗೆ ಹನಿಹನಿಯಾಗಿ ಸೇರಿದ್ದು ಹದವಾಗಿ ಕೂಡಿಕೊಳ್ಳುತ್ತದೆ.

ಆರೇಳು ನಿಮಿಷದಲ್ಲಿ ಕಣಕದ ಚಹರೆ ಬದಲಾಗುತ್ತದೆ. ಮೊದಲು ಸುಣ್ಣದಂತೆ ಪೇಲವವಾಗಿದ್ದ ಬಿಳುಪಿಗೆ ಸಣ್ಣ ಹೊಳಪು ಬರುತ್ತದೆ, ಹರಿವಾಣಕ್ಕೆ ಮೆತ್ತಿದ್ದೆಲ್ಲ ಬಿಟ್ಟು ಮುದ್ದೆಗೇ ಅಂಟಿಕೊಳ್ಳುತ್ತದೆ. ಆಗ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಅಂಗೈಗಳ ನಡುವೆ ಒತ್ತಿ ಅಂಚನ್ನು ನೋಡಿ. ಗುಂಡಗೆ, ಸೀಳಿಲ್ಲದೆ ಅಗಲವಾದರೆ ಕಣಕ ಸಿದ್ಧ. ಕೂಡಲೇ ನಿಮಗೆ ಬೇಕಾದಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ಪಾತ್ರೆಗೆ ಹಾಕಿ, ಹಿಂಡಿದ ಒದ್ದೆ ಬಟ್ಟೆ ಹೊದಿಸಿ ಮುಚ್ಚಿಡಿ. ಫ್ಯಾನು ತಿರುಗುತ್ತಿದ್ದರೆ ಆರಿಸಿ.

ಅಂಚು ಬಿರಿದರೆ ಆ ಬಿರುಕಿನ ಚಹರೆ ನೋಡಬೇಕು. ಅಂಚಿನ ಸುತ್ತ ಕೂದಲೆಳೆಯಂಥ ಸಣ್ಣ ಸೀಳುಗಳು ಒಂದೇ ಸಮನೆ ಬಂದು, ಕಣಕ ಮುಟ್ಟಲು ನಯವಾಗಿದ್ದರೆ ನೀರು ಕಡಿಮೆಯಾಗಿದೆ. ಪಕ್ಕದ ಒಲೆಯ ಬಿಸಿನೀರನ್ನು ಒಂದು ಚಮಚ ಚಿಮುಕಿಸಿ ಎರಡು ನಿಮಿಷ ನಾದಿ, ಮತ್ತೆ ನೋಡಿ. ಸೀಳು ಒಂದೆರಡೇ ಇದ್ದು ಆಳವಾಗಿದ್ದರೆ, ಒಡೆದ ಜಾಗ ಪುಡಿಪುಡಿಯಾಗಿ ಕಂಡರೆ, ಒಂದು ಚೂರು ಬಾಯಿಗೆ ಹಾಕಿಕೊಂಡಾಗ ಹಸಿ ಹಿಟ್ಟಿನ ರುಚಿ ಬಂದರೆ ಅದು ಬೆಂದಿಲ್ಲ. ಇದಕ್ಕೆ ನೀರು ಸೇರಿಸಿ ಪ್ರಯೋಜನವಿಲ್ಲ, ಮುದ್ದೆ ಅಂಟಂಟಾಗುತ್ತದೆ, ಬಿರಿಯುವುದು ನಿಲ್ಲುವುದಿಲ್ಲ. ಮುದ್ದೆಯನ್ನು ಮುಷ್ಟಿ ಗಾತ್ರಕ್ಕೆ ಮುರಿದು ಇಡ್ಲಿ ಪಾತ್ರೆಯಲ್ಲಿ ಎಂಟು ಹತ್ತು ನಿಮಿಷ ಹಬೆಗಿಟ್ಟು, ಬಿಸಿಬಿಸಿಯಾಗಿಯೇ ಮತ್ತೆ ನಾದಬೇಕು. ಒತ್ತು ಶ್ಯಾವಿಗೆ ಮಾಡುವವರಿಗೆ ಇದು ಹೊಸದಲ್ಲ. ಉಂಡೆ ಕಟ್ಟಿ ಬೇಯಿಸಿ, ಬಿಸಿಯಿರುವಾಗಲೇ ಒರಳಿಗೆ ಹಾಕಿ ಒತ್ತುವುದು ಇದೇ ಕಾರಣಕ್ಕೆ. ಆರಿದ ಉಂಡೆ ಒತ್ತಲು ಹೋದರೆ ಎಳೆ ತುಂಡಾಗುತ್ತದೆ.

ಮೊದಲ ನಾಲ್ಕಾರು ಕಡುಬು ಚೆನ್ನಾಗಿ ಬಂದು ಆಮೇಲಿನವು ಮಾತ್ರ ಬಿರಿಯತೊಡಗಿದರೆ ಕಣಕ ಆರಿದೆ, ಇಲ್ಲವೇ ಮೇಲೆ ಒಣ ಪದರ ಕಟ್ಟಿದೆ. ಈ ಪದರವನ್ನು ಒಳಕ್ಕೆ ಮಡಚಿ ನಾದಿದರೆ ಅದೇ ಚೂರುಚೂರಾಗಿ ಎಲ್ಲ ಕಡೆ ಸೇರಿಕೊಳ್ಳುತ್ತದೆ. ಒಣಗಿದ್ದನ್ನು ಕಿತ್ತು ಬದಿಗಿಟ್ಟು, ಉಳಿದದ್ದನ್ನು ಹಬೆಯಲ್ಲಿ ಮೂರು ನಾಲ್ಕು ನಿಮಿಷ ಬೆಚ್ಚಗೆ ಮಾಡಿಕೊಂಡರೆ ಮತ್ತೆ ಬಾಗುತ್ತದೆ. ಬಿರುಕಿಗೆ ಎಣ್ಣೆ ಸವರಿ ಮುಚ್ಚಲು ನೋಡುವವರೂ ಇದ್ದಾರೆ. ಎಣ್ಣೆ ಕಣಕ ಒಣಗುವುದನ್ನು ತಡೆಯುತ್ತದೆ, ಬಿಗಿಯುವುದನ್ನೂ ನಿಧಾನ ಮಾಡುತ್ತದೆ. ಅದು ಮುದ್ದೆಯೊಳಗೆ ಮೊದಲೇ ಇರಬೇಕು. ಸೀಳಿನ ಬಾಯಿಗೆ ಎಣ್ಣೆ ತಾಗಿದರೆ ಎರಡು ಅಂಚು ಒಂದಕ್ಕೊಂದು ಹಿಡಿಯುವುದೇ ಇಲ್ಲ. ಅಲ್ಲಿಗೆ ಒದ್ದೆ ಬೆರಳೇ ಸಾಕು.

ತಟ್ಟುವಾಗ ನಡುವೆ ಸ್ವಲ್ಪ ದಪ್ಪ, ಅಂಚಿಗೆ ತೆಳು ಇರಲಿ. ಹೂರಣ ತುಂಬಿ ಎಳೆದಾಗ ಹೆಚ್ಚು ಒತ್ತಡ ಬೀಳುವುದು ನಡುವೆ, ಮಡಚಿದಾಗ ಎರಡು ಪದರವಾಗುವುದು ಅಂಚು. ಮೇಲೆ ಹೇಳಿದ ಅಳತೆಗೆ ಹದಿನೆಂಟರಿಂದ ಇಪ್ಪತ್ತು ಕಡುಬು ಆಗುತ್ತವೆ. ಎರಡು ಲೋಟ ತೆಂಗಿನಕಾಯಿ ತುರಿ, ಒಂದು ಲೋಟ ಪುಡಿ ಬೆಲ್ಲದ ಹೂರಣ ಸಾಕು. ಹೂರಣ ಪೂರ್ತಿ ಆರಿರಬೇಕು, ಪಾಕ ಸೋರಬಾರದು. ಒದ್ದೆ ಹೂರಣದ ನೀರು ಒಳಗೆ ಹಬೆಯಾಗಿ ಹೊರಬರಲು ದಾರಿ ಹುಡುಕುತ್ತದೆ, ಸಿಕ್ಕ ತೆಳುವಾದ ಜಾಗದಲ್ಲಿ ಸೀಳುತ್ತದೆ. ನಾದಿದ್ದೆಲ್ಲ ಸರಿಯಿದ್ದೂ ಹಬೆಯಲ್ಲಿ ಬಾಯಿಬಿಟ್ಟ ಕಡುಬುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ.

ಇಡ್ಲಿ ಪಾತ್ರೆಯಲ್ಲಿ ನೀರು ಕುದಿದು ಹಬೆ ತುಂಬಿದ ಮೇಲೆ ಕಡುಬು ಒಳಗಿಡಿ. ತಣ್ಣನೆಯ ಪಾತ್ರೆಯಲ್ಲಿಟ್ಟು ಬಿಸಿ ಮಾಡಿದರೆ ಹಬೆ ಏಳುವ ಮುನ್ನವೇ ಮೇಲ್ಮೈ ಒಣಗುತ್ತದೆ. ತಟ್ಟೆಗೆ ಬಾಳೆ ಎಲೆ ಹಾಸಿ, ಒಂದಕ್ಕೊಂದು ತಾಗದಂತೆ ಜೋಡಿಸಿ, ಮುಚ್ಚುವ ಮೊದಲು ಒದ್ದೆ ಕೈಯಿಂದ ಒಮ್ಮೆ ಸವರಿ. ಕಣಕ ಆಗಲೇ ಬಹುಪಾಲು ಬೆಂದಿರುವುದರಿಂದ ಹತ್ತರಿಂದ ಹನ್ನೆರಡು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಬೇಯಿಸಿದರೆ ಮೇಲ್ಪದರ ಊದಿ, ಹೊರಗೆ ತೆಗೆದಾಗ ಕುಗ್ಗಿ ಬಿರಿಯುತ್ತದೆ. ಬೆಂದ ಕಡುಬು ಪಾರದರ್ಶಕವೆಂಬಂತೆ ಮಿನುಗುತ್ತದೆ, ಒದ್ದೆ ಬೆರಳಿಗೆ ಅಂಟುವುದಿಲ್ಲ. ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಮುಚ್ಚಳ ತೆಗೆಯಿರಿ. ಹೊರಗೆ ತೆಗೆದವುಗಳ ಮೇಲೂ ಬಟ್ಟೆ ಹೊದಿಸಿ. ನೈವೇದ್ಯಕ್ಕೆ ಹೊತ್ತಿದ್ದರೆ ಬಿಸಿ ಆರಿಸಿದ ಪಾತ್ರೆಯಲ್ಲೇ ಮುಚ್ಚಿಡುವುದು ಮೇಲು.

ಕೊನೆಗೆ ಒಂದು ಮಾತು. ಬೆಳಿಗ್ಗೆ ಹೊತ್ತು ಸಾಲುವುದಿಲ್ಲವೆಂದು ಹಿಂದಿನ ರಾತ್ರಿಯೇ ಕಣಕ ನಾದಿ ಫ್ರಿಜ್ಜಿನಲ್ಲಿಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಬೆಂದ ಪಿಷ್ಟ ಎಲ್ಲಕ್ಕಿಂತ ಬೇಗ ಬಿಗಿಯುವುದು ಫ್ರಿಜ್ಜಿನ ಆ ತಂಪಿನಲ್ಲೇ. ಹಿಂದಿನ ರಾತ್ರಿ ಮಾಡಿಡಬೇಕಾದ್ದು ಹೂರಣ ಮತ್ತು ಜರಡಿ ಹಿಡಿದ ಹಿಟ್ಟು. ಕಣಕವನ್ನು ಬೆಳಿಗ್ಗೆ ಒಂದು ಸಲಕ್ಕೆ ಎರಡು ಲೋಟದಷ್ಟೇ ಉಕ್ಕರಿಸಿ, ಅದು ಮುಗಿದ ಮೇಲೆ ಇನ್ನೆರಡು ಲೋಟಕ್ಕೆ ನೀರಿಡಿ.